ಹೊಸದಾಗಿ ಬರೆದ ಪ್ರಚಾರದ ಪೇಜ್ ನಿಜಕ್ಕೂ ಕೆಲಸ ಮಾಡಿದೆಯೇ, ಓದೋಕೆ ಮಾತ್ರ ಚೆಂದವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕೋಚಿಂಗ್ ಸೆಂಟರ್ ಇದೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೈನ್ಸ್ ಸೇರುವ ಮಕ್ಕಳಿಗೆ ಅಲ್ಲಿ ಸಿಇಟಿ, ನೀಟ್ ತರಬೇತಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತು ಒತ್ತಿದವರು ಒಂದು ಪೇಜ್‌ಗೆ ಬರುತ್ತಾರೆ, ಅಲ್ಲಿ ಉಚಿತ ಡೆಮೊ ಕ್ಲಾಸಿಗೆ ಹೆಸರು ಬರೆಸುತ್ತಾರೆ. ಆ ಪೇಜ್ ಅನ್ನು ಹೊಸದಾಗಿ ಬರೆಸಲಾಗಿದೆ. ಸೆಂಟರ್ ಕಾಲ್ಪನಿಕ, ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು. ಲೆಕ್ಕದ ವಿಧಾನವನ್ನು ಸೀರೆ ಅಂಗಡಿಗೂ ಬಳಸಬಹುದು, ಸೈಟ್ ಮಾರುವವರಿಗೂ ಬಳಸಬಹುದು.

ಹೊಸ ಪೇಜ್ ಹಾಕಿದ ಮೇಲೆ ಫಾರ್ಮ್‌ಗಳು ಡಬಲ್ ಆಗಿವೆ. ಇನ್ನೇನು ಸಾಕ್ಷಿ ಬೇಕು?

ಹಾಕಿದ್ದು ಯಾವಾಗ ಎಂಬುದನ್ನು ಮೊದಲು ನೋಡಿ. ಏಪ್ರಿಲ್ ಕೊನೆಯ ವಾರ ಹಳೇ ಪೇಜ್‌ಗೆ 900 ಜನ ಬಂದು 18 ಮಂದಿ ಫಾರ್ಮ್ ತುಂಬಿದ್ದರು, ಅಂದರೆ ನೂರಕ್ಕೆ 2. ಮೇ ಎರಡನೇ ವಾರ ಹೊಸ ಪೇಜ್‌ಗೆ 1,000 ಜನ ಬಂದು 38 ಮಂದಿ ತುಂಬಿದರು, ನೂರಕ್ಕೆ 3.8. ಬರೆದವರು ಇದನ್ನು ತಮ್ಮ ಬರವಣಿಗೆಯ ಗೆಲುವು ಎನ್ನುತ್ತಾರೆ.

ಆದರೆ ಈ ಎರಡು ವಾರಗಳ ನಡುವೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ. 2023, 2024, 2025 ಮೂರೂ ವರ್ಷ ಅದು ಮೇ ತಿಂಗಳ ಮೊದಲ ಹತ್ತು ದಿನದೊಳಗೇ ಬಂತು. ಫಲಿತಾಂಶಕ್ಕೆ ಮೊದಲು ಜಾಹೀರಾತು ಒತ್ತುವ ಪೋಷಕರು ಸುಮ್ಮನೆ ವಿಚಾರಿಸುವವರು. ಫಲಿತಾಂಶ ಬಂದ ಮೇಲೆ ಒತ್ತುವವರ ಕೈಯಲ್ಲಿ ಅಂಕ ಇರುತ್ತದೆ, ಸೈನ್ಸೋ ಕಾಮರ್ಸೋ ತೀರ್ಮಾನವಾಗಿರುತ್ತದೆ, ಕಾಲೇಜು ಹುಡುಕಾಟ ಶುರುವಾಗಿರುತ್ತದೆ. ಆ ವಾರ ಹಳೇ ಪೇಜೇ ಇದ್ದಿದ್ದರೂ ಫಾರ್ಮ್ ಏರುತ್ತಿತ್ತು. ಎಷ್ಟು ಏರುತ್ತಿತ್ತು ಎಂದು ಹೇಳಲು ಈಗ ದಾರಿಯಿಲ್ಲ, ಏಕೆಂದರೆ ಆ ವಾರ ಹಳೇ ಪೇಜ್ ಯಾರಿಗೂ ಕಂಡಿಲ್ಲ.

ಮೊದಲು ಹಳೇದು, ಆಮೇಲೆ ಹೊಸದು ಎಂದು ಹೋಲಿಸುವುದರ ಮೂಲ ದೋಷ ಇದು. ಪೇಜ್ ಜೊತೆಗೆ ಕಾಲವೂ ಬದಲಾಗಿರುತ್ತದೆ. ಜಾಹೀರಾತಿನ ಚಿತ್ರ ಬದಲಾಗಿದ್ದರೆ, ಬಜೆಟ್ ಏರಿಸಿದ್ದರೆ, ಪಕ್ಕದ ಸೆಂಟರ್ ತನ್ನ ಪ್ರಚಾರ ನಿಲ್ಲಿಸಿದ್ದರೆ ಅದೆಲ್ಲವೂ ಹೊಸ ಪೇಜಿನ ಖಾತೆಗೆ ಜಮೆಯಾಗುತ್ತದೆ. ಹಬ್ಬ, ಜಾತ್ರೆಯ ವಾರಗಳಲ್ಲಿ ಇದೇ ಪರಿಣಾಮ ತಲೆಕೆಳಗಾಗಿ, ಒಳ್ಳೇ ಪೇಜೂ ಸೋತಂತೆ ಕಾಣಬಹುದು.

ಆಫೀಸಿನಲ್ಲಿ ಎಲ್ಲರಿಗೂ ಹೊಸದೇ ಇಷ್ಟವಾಗಿದೆ. ಅದಕ್ಕೆ ಬೆಲೆಯೇ ಇಲ್ಲವೇ?

ಕನ್ವರ್ಷನ್, ಅಂದರೆ ಬಂದವರಲ್ಲಿ ನೂರಕ್ಕೆ ಎಷ್ಟು ಜನ ಹೆಸರು ಬರೆಸಿದರು ಎಂಬ ವಿಷಯದಲ್ಲಿ ಇಲ್ಲ. ಸೆಂಟರಿನ ವಿಳಾಸ, ಫೀಸು, ಕ್ಲಾಸಿನ ಸಮಯ ಆಫೀಸಿನವರಿಗೆ ಮೊದಲೇ ಗೊತ್ತು. ಹಾಗಾಗಿ ಅವರು ಮಾತಿನ ಓಟವನ್ನಷ್ಟೇ ನೋಡುತ್ತಾರೆ. ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಫೋನಿನಲ್ಲಿ ಓದುವ ತಂದೆ ಬೇರೆಯದನ್ನೇ ಹುಡುಕುತ್ತಿರುತ್ತಾರೆ: ಹಾಸ್ಟೆಲ್ ಇದೆಯಾ, ಬಸ್ ಸ್ಟ್ಯಾಂಡಿಂದ ಎಷ್ಟು ದೂರ, ವರ್ಷಕ್ಕೆ ಎಷ್ಟಾಗುತ್ತೆ, ಕಂತಿನಲ್ಲಿ ಕಟ್ಟಬಹುದಾ. ‘ನಿಮ್ಮ ಮಗುವಿನ ಕನಸಿಗೆ ಇಲ್ಲಿದೆ ಹೆದ್ದಾರಿ’ ಎಂಬ ಹೊಸ ಶೀರ್ಷಿಕೆ ಇದರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ‘ಭಾನುವಾರ ಬೆಳಿಗ್ಗೆ 10ಕ್ಕೆ ಉಚಿತ ಡೆಮೊ ಕ್ಲಾಸ್, ವಿದ್ಯಾನಗರ’ ಎಂಬ ಹಳೇ ಸಪ್ಪೆ ಸಾಲು ಯಾವಾಗ, ಎಲ್ಲಿ ಎಂಬುದನ್ನಾದರೂ ಹೇಳುತ್ತಿತ್ತು.

ಮೆಚ್ಚುಗೆಯ ಬದಲು ಬೇರೆ ರೀತಿಯ ಓದು ಉಪಯೋಗಕ್ಕೆ ಬರುತ್ತದೆ. ಸೆಂಟರಿಗೆ ಸಂಬಂಧವಿಲ್ಲದ ಐದು ಪೋಷಕರಿಗೆ, ಅವರ ಫೋನಿನಲ್ಲೇ, ಪೇಜ್ ತೋರಿಸಿ. ಅರ್ಧ ನಿಮಿಷದ ನಂತರ ಫೋನ್ ತೆಗೆದುಕೊಂಡು ಕೇಳಿ: ‘ಇದು ಯಾರಿಗೆ? ಯಾವಾಗ, ಎಲ್ಲಿಗೆ ಬರಬೇಕು? ದುಡ್ಡು ಕೊಡಬೇಕಾ?’ ‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ, ನಮ್ಮ ಕಡೆ ಅದಕ್ಕೆ ‘ಚೆನ್ನಾಗೈತ್ರಿ’ ಎಂಬ ಒಂದೇ ಉತ್ತರ. ಐದರಲ್ಲಿ ಮೂವರು ಡೆಮೊ ಉಚಿತ ಎಂಬುದನ್ನೇ ಹೇಳಲಾಗದಿದ್ದರೆ ಪೇಜ್‌ನಲ್ಲಿ ರಿಪೇರಿ ಇದೆ ಎಂದರ್ಥ. ಐವರೂ ಸರಿಯಾಗಿ ಹೇಳಿದರೆ ಪೇಜ್ ಅರ್ಥವಾಗುತ್ತದೆ ಎಂದಷ್ಟೇ ಆಯಿತು. ಫಾರ್ಮ್ ಹೆಚ್ಚುತ್ತದೆಯೇ ಎಂಬುದನ್ನು ಐದು ಜನರಿಂದ ತಿಳಿಯಲಾಗದು.

ಹಾಗಾದರೆ ಸರಿಯಾದ ಹೋಲಿಕೆ ಮಾಡುವುದು ಹೇಗೆ?

ಒಂದೇ ಕಾಲದಲ್ಲಿ, ಒಂದೇ ಜಾಹೀರಾತಿನಿಂದ ಬಂದವರನ್ನು ಅದೃಷ್ಟದ ಮೇಲೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೇದು, ಇನ್ನೊಂದು ಪಾಲಿಗೆ ಹೊಸದು ತೋರಿಸಬೇಕು. ಫಲಿತಾಂಶದ ವಾರವಾದರೂ ಮಳೆಯ ದಿನವಾದರೂ ಆಗ ಎರಡಕ್ಕೂ ಸಮನಾಗಿ ತಟ್ಟುತ್ತದೆ.

ಈ ಕೆಲಸಕ್ಕೆ ಹಿಂದೆ ಹಲವರು ಬಳಸುತ್ತಿದ್ದ ಗೂಗಲ್ ಆಪ್ಟಿಮೈಸ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಸಣ್ಣ ಸೈಟಿಗೆ ಕೆಳಗಿನ ತುಣುಕು ಸಾಕು. ಜಾಹೀರಾತಿನ ಲಿಂಕ್ `/demo` ಎಂಬ ಖಾಲಿ ಪುಟಕ್ಕೆ ಹೋಗಲಿ, ಅಲ್ಲಿ ಇದನ್ನು ಹಾಕಿ. ಹಳೇದು `/demo-a`, ಹೊಸದು `/demo-b`.

```html
<script>
var v = localStorage.getItem('page_ver');
if (!v) {
  v = Math.random() < 0.5 ? 'a' : 'b';
  localStorage.setItem('page_ver', v);
}
location.replace('/demo-' + v + location.search);
</script>
```

ಇದರಲ್ಲಿ ಮೂರು ಸಂಗತಿ ಗಮನಿಸಿ. ಒಮ್ಮೆ ಹಳೇದು ಕಂಡವರಿಗೆ ಅದೇ ಬ್ರೌಸರ್‌ನಲ್ಲಿ ಮತ್ತೆ ಬಂದಾಗಲೂ ಹಳೇದೇ ಕಾಣುತ್ತದೆ. ಕೊನೆಯ ಸಾಲಿನ `location.search` ಇಲ್ಲದಿದ್ದರೆ ಜಾಹೀರಾತಿನ ಗುರುತು ದಾರಿಯಲ್ಲೇ ಉದುರಿಹೋಗಿ, ಯಾರು ಎಲ್ಲಿಂದ ಬಂದರೆಂದು ಗೊತ್ತಾಗುವುದಿಲ್ಲ. ಮೂರನೆಯದು, ಹಳೇ ಪೇಜ್‌ಗೆ ಹೋಗುವವರೂ ಈ ತಿರುವನ್ನು ದಾಟಿಯೇ ಹೋಗುತ್ತಾರೆ. ಕೆಲವರು ಹಳೇದನ್ನು `/demo`ದಲ್ಲೇ ಉಳಿಸಿ, ಅರ್ಧ ಜನರನ್ನು ಮಾತ್ರ ಹೊಸದಕ್ಕೆ ತಿರುಗಿಸುತ್ತಾರೆ. ಆಗ ಹೊಸದು ತೆರೆಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ನೆಟ್‌ವರ್ಕ್ ಮಂದ ಇರುವ ಹಳ್ಳಿಗಳಿಂದ ಬಂದವರು ಕಾಯದೆ ಹೋದರೆ ಆ ಸೋಲು ಬರವಣಿಗೆಯದ್ದಲ್ಲ.

ಎರಡು ಜಾಹೀರಾತು ಮಾಡಿ, ಒಂದಕ್ಕೆ ಹಳೇ ಲಿಂಕ್, ಇನ್ನೊಂದಕ್ಕೆ ಹೊಸ ಲಿಂಕ್ ಕೊಟ್ಟರೆ ಸಾಲದೇ?

ಸಾಲದು. ಒಂದೇ ಸೆಟ್‌ನಲ್ಲಿ ಎರಡು ಜಾಹೀರಾತು ಇಟ್ಟರೆ ಫೇಸ್‌ಬುಕ್ ಕಂಪನಿಯಾದ ಮೆಟಾ ಅವನ್ನು ಸಮನಾಗಿ ಹಂಚುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಯಾವುದು ಮುಂದಿದೆ ಎನಿಸುತ್ತದೋ ಅದರ ಕಡೆ ದುಡ್ಡು ಹರಿಸುತ್ತದೆ, ಬೇರೆ ಬೇರೆ ಥರದ ಜನರಿಗೆ ತೋರಿಸುತ್ತದೆ. ಆಡ್ಸ್ ಮ್ಯಾನೇಜರ್‌ನಲ್ಲಿರುವ ಎ/ಬಿ ಟೆಸ್ಟ್ ಸೌಲಭ್ಯ ಬಳಸಿದರೆ ನೋಡುಗರನ್ನು ಬೇರೆ ಬೇರೆ ಪಾಲು ಮಾಡುತ್ತದೆ, ಅದು ವಾಸಿ. ಆದರೂ ಒಂದೇ ಜಾಹೀರಾತು, ಒಂದೇ ಲಿಂಕ್, ಪಾಲು ನಮ್ಮ ಸೈಟಿನಲ್ಲಿ ಎಂಬ ದಾರಿ ಹೆಚ್ಚು ಸ್ವಚ್ಛ.

ಏನನ್ನು ಎಣಿಸಬೇಕು? ಫಾರ್ಮ್ ಸಾಕೇ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಸುಳ್ಳು ಗೆಲುವುಗಳು ಹುಟ್ಟುವುದು ಎಣಿಕೆಯಲ್ಲೇ.

ಮೊದಲನೆಯದು ಫೋನ್. ನಮ್ಮ ಭಾಗದ ಪೋಷಕರಲ್ಲಿ ಎಷ್ಟೋ ಜನ ಫಾರ್ಮ್ ಮುಟ್ಟುವುದೇ ಇಲ್ಲ, ನಂಬರ್ ಕಂಡರೆ ನೇರ ಕರೆ ಮಾಡುತ್ತಾರೆ. ಹೊಸ ಪೇಜ್‌ನಲ್ಲಿ ಕರೆ ಬಟನ್ ಮೇಲೆ ಬಂದಿದ್ದರೆ ಫಾರ್ಮ್ ಇಳಿದು ಕರೆ ಏರುತ್ತದೆ. ಫಾರ್ಮ್ ಮಾತ್ರ ನೋಡಿದವರು ಹೊಸ ಪೇಜ್ ಸೋತಿತು ಎನ್ನುತ್ತಾರೆ. ಎರಡು ಪೇಜ್‌ಗೆ ಎರಡು ಬೇರೆ ನಂಬರ್ ಹಾಕುವುದು ಸುಲಭದ ಪರಿಹಾರ. ಎರಡೂ ಒಂದೇ ಡ್ಯುಯಲ್ ಸಿಮ್ ಫೋನಿನಲ್ಲಿದ್ದರಾಯಿತು. ವಾಟ್ಸಾಪ್ ಆದರೆ ಲಿಂಕಿನಲ್ಲೇ ಗುರುತು ಕೂರಿಸಬಹುದು: `https://wa.me/91XXXXXXXXXX?text=DEMO-B`. ಕಳಿಸುವವರು ಮೊದಲೇ ತುಂಬಿದ ಆ ಸಂದೇಶವನ್ನು ಕಳಿಸಿದರೆ ಯಾವ ಪೇಜ್‌ನಿಂದ ಬಂದರೆಂದು ತಿಳಿಯುತ್ತದೆ. ಫಾರ್ಮ್‌ನಲ್ಲಿ ಕಾಣದ ಒಂದು ಖಾನೆ ಇಟ್ಟು ಅದರಲ್ಲಿ `a` ಅಥವಾ `b` ಬರುವಂತೆ ಮಾಡಿ.

ಎರಡನೆಯದು ಪುನರಾವರ್ತನೆ. ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರ್ ಬೇರೆ, ಕ್ರೋಮ್ ಬೇರೆ. ಒಂದರಲ್ಲಿ ಹಳೇದು ಕಂಡವರಿಗೆ ಇನ್ನೊಂದರಲ್ಲಿ ಹೊಸದು ಕಾಣಬಹುದು. ತಂದೆ ಒಮ್ಮೆ, ಮಗಳು ಒಮ್ಮೆ, ಒಂದೇ ನಂಬರ್ ಕೊಟ್ಟು ತುಂಬುವುದೂ ಇದೆ. ಆದ್ದರಿಂದ ಫೋನ್ ನಂಬರಿಗೆ ಒಂದೇ ಲೆಕ್ಕ, ಮೊದಲು ಬಂದ ದಾಖಲೆಯೇ ಪ್ರಮಾಣ ಎಂದು ಮೊದಲೇ ನಿಯಮ ಮಾಡಿಕೊಳ್ಳಿ. ಕೆಲವರು +91 ಸೇರಿಸುತ್ತಾರೆ, ಕೆಲವರು ಸೊನ್ನೆ ಹಚ್ಚುತ್ತಾರೆ, ಹಾಗಾಗಿ ಕೊನೆಯ ಹತ್ತು ಅಂಕಿ ತೆಗೆದು ಹೋಲಿಸಬೇಕು. ಗೂಗಲ್ ಶೀಟ್ಸ್‌ನಲ್ಲಿ ನಂಬರ್ B ಕಾಲಮ್‌ನಲ್ಲಿದ್ದರೆ:

```
=RIGHT(REGEXREPLACE(TO_TEXT(B2),"\D",""),10)
```

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಫಾರ್ಮ್ ತುಂಬುವುದಕ್ಕೆ ಖರ್ಚಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಡೆಮೊ ಕ್ಲಾಸಿಗೆ ಬಂದು ಕೂರುವುದಕ್ಕೆ ಖರ್ಚಿದೆ. ಹೊಸ ಪೇಜ್ ‘ಉಚಿತ’ ಎಂಬುದನ್ನು ದೊಡ್ಡದಾಗಿ ಬರೆದು ಫೀಸಿನ ಸಾಲನ್ನು ಕೆಳಗೆ ತಳ್ಳಿದ್ದರೆ ಫಾರ್ಮ್ ಏರುತ್ತದೆ, ಬರುವವರ ಸಂಖ್ಯೆ ಏರುವುದಿಲ್ಲ. ಕರೆ ಮಾಡಿ ವಿಚಾರಿಸುವ ಹುಡುಗಿಗೆ ಕೆಲಸ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಫಾರ್ಮ್ ಪಕ್ಕದಲ್ಲಿ ‘ಡೆಮೊಗೆ ಬಂದರೇ?’ ಎಂಬ ಕಾಲಮ್ ಇರಲೇಬೇಕು. ಭಾಗಿಸುವಾಗಲೂ ಪೇಜ್‌ಗೆ ಬಂದವರ ಸಂಖ್ಯೆಯಿಂದಲೇ ಭಾಗಿಸಿ. ಫಾರ್ಮ್ ಸಂಖ್ಯೆಯಿಂದ ಭಾಗಿಸಿದರೆ ಫಾರ್ಮ್ ಕಡಿಮೆ ಬಂದ ಪೇಜೇ ಚೆನ್ನಾಗಿ ಕಾಣುವ ವಿಚಿತ್ರವಾಗುತ್ತದೆ.

ಲೆಕ್ಕ ಹೇಗೆ? ಸಂಖ್ಯಾಶಾಸ್ತ್ರ ಗೊತ್ತಿಲ್ಲ.

ವರ್ಗಮೂಲ ಗೊತ್ತಿದ್ದರೆ ಸಾಕು. ಮೂರು ವಾರ ಓಡಿಸಿದ ಮೇಲೆ ನಮ್ಮ ಸೆಂಟರಿನ ಲೆಕ್ಕ ಹೀಗೆ ಬಂತೆಂದುಕೊಳ್ಳಿ. ಹಳೇ ಪೇಜ್‌ಗೆ 1,240 ಜನ, ಹೊಸದಕ್ಕೆ 1,180 ಜನ. ಫಾರ್ಮ್ ಮತ್ತು ಕರೆ ಸೇರಿಸಿ ಹಳೇದಕ್ಕೆ 34, ಹೊಸದಕ್ಕೆ 49. ಸಿಬ್ಬಂದಿ ಪರೀಕ್ಷೆಗೆಂದು ತುಂಬಿದ್ದು, ಒಂದೇ ನಂಬರ್ ಎರಡು ಸಲ ಬಂದದ್ದು ತೆಗೆದರೆ ಉಳಿದದ್ದು 31 ಮತ್ತು 42. ನೂರಕ್ಕೆ 2.5 ಮತ್ತು ಸುಮಾರು 3.6.

‘ನೂರಕ್ಕೆ ನಲವತ್ತು ಏರಿಕೆ’ ಎಂದು ಇದನ್ನು ಸ್ಲೈಡಿನಲ್ಲಿ ಹಾಕಿ ತೋರಿಸಬಹುದು. ತೋರಿಸುವ ಮುನ್ನ ಹೀಗೆ ಯೋಚಿಸಿ. ಎರಡೂ ಪೇಜ್ ಒಂದೇ ಶಕ್ತಿಯವಾಗಿದ್ದರೆ, ಬಂದ ಪ್ರತಿ ಫಾರ್ಮ್ ಹಳೇದರ ಕಡೆಗೋ ಹೊಸದರ ಕಡೆಗೋ ಬೀಳುವುದು ನಾಣ್ಯ ಚಿಮ್ಮಿದ ಹಾಗೆ. 73 ಸಲ ಚಿಮ್ಮಿದರೆ ಸರಿಯಾಗಿ ಅರ್ಧರ್ಧ ಬರಲಾರದು, ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಆ ಆಚೀಚೆಯ ಅಳತೆ ಒಟ್ಟು ಸಂಖ್ಯೆಯ ವರ್ಗಮೂಲ. ವ್ಯತ್ಯಾಸ ಈ ವರ್ಗಮೂಲದ ಎರಡು ಪಟ್ಟಿನ ಒಳಗಿದ್ದರೆ ಅದೃಷ್ಟವೊಂದೇ ಅದನ್ನು ತರಬಲ್ಲದು. ಎರಡು ಪಟ್ಟನ್ನು ಮೀರುವುದು, ಪೇಜ್‌ಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದಾಗ, ನೂರರಲ್ಲಿ ಸುಮಾರು ಐದು ಸಲ ಮಾತ್ರ.

ನಮ್ಮ ಲೆಕ್ಕದಲ್ಲಿ ಒಟ್ಟು 73, ವರ್ಗಮೂಲ ಸುಮಾರು 8.5, ಎರಡು ಪಟ್ಟು 17. ವ್ಯತ್ಯಾಸ 42ರಲ್ಲಿ 31 ಕಳೆದರೆ 11. ಹದಿನೇಳನ್ನು ಮುಟ್ಟಿಲ್ಲ. ಹೊಸದು ಮೇಲು ಎಂದು ಇದರಿಂದ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು. ವಿವರವಾಗಿ ಲೆಕ್ಕ ಹಾಕಿದರೆ, ಹೊಸ ಪೇಜಿನ ನಿಜವಾದ ಪರಿಣಾಮ ಸಾವಿರ ಜನಕ್ಕೆ 3 ಫಾರ್ಮ್ ಕಡಿಮೆ ಎಂಬಲ್ಲಿಂದ 24 ಫಾರ್ಮ್ ಹೆಚ್ಚು ಎಂಬವರೆಗೆ ಎಲ್ಲಿ ಬೇಕಾದರೂ ಇರಬಹುದು.

ಹಳೇದರ ಸಂಖ್ಯೆ F2ರಲ್ಲಿ, ಹೊಸದರದ್ದು F3ರಲ್ಲಿ ಇದ್ದರೆ, ಮೊದಲ ಸಾಲಿನ ಉತ್ತರ ಎರಡನೆಯದನ್ನು ದಾಟಬೇಕು:

```
=ABS(F3-F2)
=2*SQRT(F2+F3)
```

ಈ ನಿಯಮಕ್ಕೆ ಎರಡು ಶರತ್ತು. ಎರಡೂ ಪೇಜ್‌ಗೆ ಬಂದ ಜನ ಹೆಚ್ಚುಕಡಿಮೆ ಸಮ ಇರಬೇಕು, ಕನ್ವರ್ಷನ್ ನೂರಕ್ಕೆ ಹತ್ತರೊಳಗಿರಬೇಕು. ನಮ್ಮ ಉದಾಹರಣೆಯಲ್ಲಿ ಎರಡೂ ಇವೆ. ಒಟ್ಟು ಫಾರ್ಮ್ ಇಪ್ಪತ್ತೂ ಇಲ್ಲದಿದ್ದರೆ ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ.

ಡೆಮೊಗೆ ಬಂದವರ ಲೆಕ್ಕ ಏನು ಹೇಳಿತು?

ಹಳೇ ಪೇಜಿನಿಂದ 19, ಹೊಸದರಿಂದ 20. ವ್ಯತ್ಯಾಸ 1, ಮೀರಬೇಕಾದದ್ದು 12ಕ್ಕಿಂತ ತುಸು ಹೆಚ್ಚು. ಹೊಸ ಪೇಜ್ ತಂದ ಹೆಚ್ಚುವರಿ 11 ಹೆಸರುಗಳು ಕ್ಲಾಸ್‌ರೂಮಿನ ಬಾಗಿಲಲ್ಲಿ ಬಹುತೇಕ ಕರಗಿಹೋಗಿವೆ. ಅಂಕಿ ಚಿಕ್ಕದಾದ್ದರಿಂದ ‘ಹೊಸದು ಪೊಳ್ಳು ಹೆಸರು ತರುತ್ತದೆ’ ಎಂಬ ತೀರ್ಪೂ ಕೊಡಲಾಗದು. ಆದರೆ ಇಂಥ ಸಂದರ್ಭದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಫಾರ್ಮ್ ಏರಿದೆ ಎಂಬ ವಾದವನ್ನು ಬದಿಗಿಟ್ಟು, ಹೊಸ ಪೇಜ್‌ನಲ್ಲಿ ಫೀಸು, ಸ್ಥಳ, ಸಮಯ ಎಲ್ಲಿ ಕೂತಿವೆ ಎಂದು ನೋಡಬೇಕು.

ಸರಿ, ಹಾಗಾದರೆ ಎಷ್ಟು ಜನ ಬಂದರೆ ಗ್ಯಾರಂಟಿ ಹೇಳಬಹುದು?

ಗ್ಯಾರಂಟಿ ಎಂಬುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ನಿಜಕ್ಕೂ ಇದ್ದರೆ ಹತ್ತರಲ್ಲಿ ಎಂಟು ಸಲ ಅದು ನಮ್ಮ ಲೆಕ್ಕಕ್ಕೆ ಸಿಗಬೇಕು ಎಂಬ ಅಳತೆ ಇಟ್ಟುಕೊಳ್ಳಬಹುದು. ಅದಕ್ಕೊಂದು ಸರಳ ಸೂತ್ರವಿದೆ:

```
n = 16 * p * (1 - p) / (d * d)
```

ಇಲ್ಲಿ n ಅಂದರೆ ಒಂದೊಂದು ಪೇಜ್‌ಗೆ ಬೇಕಾದ ಜನ, p ಅಂದರೆ ಎರಡೂ ಪೇಜ್‌ಗಳ ನಿರೀಕ್ಷಿತ ಕನ್ವರ್ಷನ್‌ನ ಸರಾಸರಿ, d ಅಂದರೆ ಹಿಡಿಯಬೇಕೆಂದಿರುವ ವ್ಯತ್ಯಾಸ. ನೂರಕ್ಕೆ 2.5 ಇದ್ದದ್ದು 3.5 ಆಗುವುದನ್ನು ಹಿಡಿಯಬೇಕಾದರೆ p 0.03, d 0.01. ಉತ್ತರ ಸುಮಾರು 4,650, ಎರಡೂ ಸೇರಿ 9,300 ಜನ. ನಮ್ಮ ಸೆಂಟರಿಗೆ ದಿನಕ್ಕೆ ಸುಮಾರು 115 ಜನ ಬರುತ್ತಾರೆ, ಅಂದರೆ 81 ದಿನ. ಅಷ್ಟರಲ್ಲಿ ಪಿಯು ಅಡ್ಮಿಷನ್ ಕಾಲವೇ ಮುಗಿದಿರುತ್ತದೆ.

2.5 ಇದ್ದದ್ದು 5 ಆಗುವಂಥ ದೊಡ್ಡ ಬದಲಾವಣೆಯನ್ನಷ್ಟೇ ಹಿಡಿದರೆ ಸಾಕು ಎಂದರೆ ಪೇಜ್‌ಗೆ 925 ಜನ ಸಾಕು, ಹದಿನಾರು ಹದಿನೇಳು ದಿನ. ಪೂರ್ತಿ ವಾರಗಳಿಗೆ ಸರಿಹೊಂದಿಸಿ ಮೂರು ವಾರ ಎಂದಿಟ್ಟುಕೊಳ್ಳಿ. ಅದೇ 2.5ರಿಂದ 2.75ಕ್ಕೆ ಏರಿದ್ದನ್ನು ಕಾಣಲು ಒಂದು ಪೇಜ್‌ಗೆ 65,000ಕ್ಕೂ ಹೆಚ್ಚು ಜನ ಬೇಕು.

ನಮ್ಮ ಊರಿನ ಅಳತೆಯ ವ್ಯಾಪಾರಕ್ಕೆ ಇದರಿಂದ ಸಿಗುವ ತಿಳಿವಳಿಕೆ ಸ್ವಲ್ಪ ಕಹಿ. ವಾಕ್ಯ ನಯಗೊಳಿಸಿದ್ದರಿಂದ, ಬಟನ್ ಮೇಲಿನ ಒಂದು ಪದ ತಿದ್ದಿದ್ದರಿಂದ ಆಗುವ ಚಿಕ್ಕ ಲಾಭವನ್ನು ಇಷ್ಟು ಜನದಲ್ಲಿ ಅಳೆಯಲು ಆಗುವುದಿಲ್ಲ. ಅಳೆಯಬೇಕೆಂದರೆ ಬದಲಾವಣೆಯೇ ದೊಡ್ಡದಿರಬೇಕು: ಒಂಬತ್ತು ಖಾನೆಯ ಫಾರ್ಮ್ ಮೂರಕ್ಕೆ ಇಳಿಸುವುದು, ಮುಚ್ಚಿಟ್ಟಿದ್ದ ಫೀಸನ್ನು ಮೇಲೆ ಬರೆಯುವುದು, ಇಂಗ್ಲಿಷ್ ಪೇಜ್ ಅನ್ನು ಕನ್ನಡಕ್ಕೆ ತರುವುದು, ಭಾನುವಾರದ ಡೆಮೊ ಜೊತೆಗೆ ಹರಿಹರ, ಚನ್ನಗಿರಿಯವರಿಗಾಗಿ ಆನ್‌ಲೈನ್ ಡೆಮೊ ಕೊಡುವುದು.

ಹತ್ತನೇ ದಿನಕ್ಕೆ ಹೊಸದು ವರ್ಗಮೂಲದ ಎರಡು ಪಟ್ಟಿನ ಗೆರೆ ದಾಟಿತ್ತು. ಅಲ್ಲೇ ನಿಲ್ಲಿಸಬಹುದಿತ್ತಲ್ಲ?

ಬೇಡ. ನೂರರಲ್ಲಿ ಐದು ಎಂಬ ಮಾತು ನಿಲ್ಲುವುದು ಒಂದೇ ಸಲ, ಮೊದಲೇ ಗೊತ್ತುಮಾಡಿದ ದಿನ ನೋಡಿದಾಗ. ಮಧ್ಯೆ ಮಧ್ಯೆ ಇಣುಕಿ, ಗೆರೆ ದಾಟಿದ ಕೂಡಲೇ ನಿಲ್ಲಿಸುತ್ತೇವೆ ಎಂದಾದರೆ ಪ್ರತಿ ಇಣುಕೂ ಅದೃಷ್ಟಕ್ಕೆ ಇನ್ನೊಂದು ಅವಕಾಶ. ಹೀಗೆ ಸಮ ಅಂತರದಲ್ಲಿ ಹತ್ತು ಸಲ ನೋಡಿದರೆ, ವ್ಯತ್ಯಾಸವೇ ಇಲ್ಲದ ಪೇಜ್‌ಗಳಲ್ಲೂ ಸುಳ್ಳು ಗೆಲುವು ನೂರಕ್ಕೆ ಐದರ ಬದಲು ಸುಮಾರು 19 ಆಗುತ್ತದೆ. ಶುರುವಿಗೆ ಮೊದಲು ಶೀಟಿನ ಮೇಲ್ಗಡೆ ಕೊನೆಯ ದಿನಾಂಕ ಬರೆದಿಡಿ. ನಡುವೆ ನೋಡಬೇಕಾದದ್ದು ಪಾಲು ಸರಿ ಬೀಳುತ್ತಿದೆಯಾ, ಫಾರ್ಮ್ ತೆರೆಯುತ್ತಿದೆಯಾ ಎಂಬುದನ್ನು ಮಾತ್ರ.

ಪಾಲು ಸರಿ ಬಿದ್ದಿದೆ ಎಂದು ತಿಳಿಯುವುದು ಹೇಗೆ?

ಅದೇ ವರ್ಗಮೂಲದ ನಿಯಮವನ್ನು ಬಂದ ಜನರ ಮೇಲೂ ಹಚ್ಚಿ. ಒಟ್ಟು 2,420, ವರ್ಗಮೂಲ 49, ಎರಡು ಪಟ್ಟು 98. ನಮ್ಮ ವ್ಯತ್ಯಾಸ 60, ಹಾಗಾಗಿ ತೊಂದರೆಯಿಲ್ಲ. ಒಂದು ಕಡೆ 1,400, ಇನ್ನೊಂದು ಕಡೆ 1,020 ಬಂದಿದ್ದರೆ ವ್ಯತ್ಯಾಸ 380. ಅದು ಅದೃಷ್ಟವಲ್ಲ, ಎಲ್ಲೋ ಪೈಪು ಒಡೆದಿದೆ. ಆಗ ಫಾರ್ಮ್ ಲೆಕ್ಕವನ್ನು ನೋಡಲೇಬೇಡಿ, ಮೊದಲು ಕಾರಣ ಹುಡುಕಿ.

ಸಾಮಾನ್ಯ ಕಾರಣ ವಾಟ್ಸಾಪ್. ಆಫೀಸಿನವರಿಗೆ ಹೊಸ ಪೇಜ್ ಮೇಲೆ ಹೆಮ್ಮೆ, `/demo-b` ಲಿಂಕನ್ನೇ ಬಂಧುಬಳಗದ ಗ್ರೂಪಿಗೆ ಹಾಕಿಬಿಡುತ್ತಾರೆ. ಅಲ್ಲಿಂದ ಬರುವವರು ಪರಿಚಯದವರು, ಫಾರ್ಮ್ ತುಂಬುವ ಸಾಧ್ಯತೆಯೂ ಹೆಚ್ಚು. ಇದಕ್ಕೆ `/demo-b` ಪುಟದ ತಲೆಯಲ್ಲಿ ಈ ಸಾಲು ಹಾಕಿ, `/demo-a`ದಲ್ಲಿ `b` ಬದಲು `a`:

```html
<script>
if (localStorage.getItem('page_ver') !== 'b')
  location.replace('/demo' + location.search);
</script>
```

ನೇರ ಲಿಂಕ್ ಹಿಡಿದು ಬಂದವರೂ ಆಗ ಹಿಂದಕ್ಕೆ ಹೋಗಿ ಪಾಲಾಗಿಯೇ ಬರುತ್ತಾರೆ. ಇನ್ನೊಂದು ಕಾರಣ ಎಣಿಕೆಯ ಕೋಡ್ ಹೊಸ ಪೇಜ್‌ನಲ್ಲಿ ಇಲ್ಲದಿರುವುದು ಅಥವಾ ತುಂಬ ಕೆಳಗಿರುವುದು. ಜನರ ಸಂಖ್ಯೆಯನ್ನು ಎರಡಕ್ಕೂ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಮೆಟಾ ತೋರಿಸುವ ಲಿಂಕ್ ಕ್ಲಿಕ್ ಮತ್ತು ನಿಜಕ್ಕೂ ಪೇಜ್ ತೆರೆದವರ ಸಂಖ್ಯೆ ಒಂದೇ ಆಗಿರುವುದಿಲ್ಲ, ತೆರೆಯುವ ಮೊದಲೇ ವಾಪಸ್ ಹೋದವರೂ ಕ್ಲಿಕ್‌ನಲ್ಲಿ ಸೇರಿರುತ್ತಾರೆ.

ಕೋಡ್ ಹಾಕಲು ಯಾರೂ ಇಲ್ಲ. ಬೇರೆ ದಾರಿ ಇದೆಯೇ?

ದಿನ ಬಿಟ್ಟು ದಿನ ಪೇಜ್ ಬದಲಿಸಿ. ಸೋಮವಾರ ಹಳೇದು, ಮಂಗಳವಾರ ಹೊಸದು, ಹೀಗೆ ತಪ್ಪದೆ ಹದಿನಾಲ್ಕು ದಿನ. ವಾರಕ್ಕೆ ಏಳು ದಿನ, ಬೆಸ ಸಂಖ್ಯೆ. ಹಾಗಾಗಿ ಎರಡನೇ ಸೋಮವಾರ ತಾನಾಗಿ ಹೊಸದಕ್ಕೆ ಬರುತ್ತದೆ, ಎರಡು ವಾರದಲ್ಲಿ ಸೋಮವಾರದಿಂದ ಭಾನುವಾರದವರೆಗಿನ ಪ್ರತಿ ದಿನವೂ ಎರಡೂ ಪೇಜ್‌ಗೆ ಒಂದೊಂದು ಸಲ ಸಿಗುತ್ತದೆ. ಬದಲಿಸುವುದು ನಡುರಾತ್ರಿ ಅಥವಾ ಮುಂಜಾನೆ ಐದಕ್ಕೆ, ಜನ ಕಡಿಮೆ ಇರುವಾಗ. ಇವತ್ತು ನೋಡಿ ನಾಳೆ ತುಂಬುವವರು ತಪ್ಪು ಪೇಜ್‌ನ ಲೆಕ್ಕಕ್ಕೆ ಬೀಳುತ್ತಾರೆ, ಅದು ಈ ದಾರಿಯ ಮಿತಿ. ಫಲಿತಾಂಶದ ದಿನ ಒಂದರ ಪಾಲಿಗೆ ಬಂದರೆ ಆ ದಿನವನ್ನೂ, ಇನ್ನೊಂದು ವಾರದ ಅದೇ ದಿನವನ್ನೂ ಲೆಕ್ಕದಿಂದ ಬಿಡಿ.

ಅದೂ ಆಗದೆ, ಪೇಜ್ ಆಗಲೇ ಬದಲಾಗಿ ಹೋಗಿದ್ದರೆ, ಬದಲಾಗದ ಇನ್ನೊಂದು ಪೇಜ್ ಇದೆಯೇ ನೋಡಿ. ಅದೇ ಸೆಂಟರಿನ ಕಾಮರ್ಸ್ ಕೋರ್ಸಿನ ಪೇಜ್ ಮುಟ್ಟಿಲ್ಲ ಎಂದುಕೊಳ್ಳಿ. ಅದೇ ಎರಡು ವಾರಗಳಲ್ಲಿ ಅದರ ಕನ್ವರ್ಷನ್ ಕೂಡ ನೂರಕ್ಕೆ 2ರಿಂದ 3.5ಕ್ಕೆ ಏರಿದ್ದರೆ, ಸೈನ್ಸ್ ಪೇಜ್ 2ರಿಂದ 3.8ಕ್ಕೆ ಏರಿದ್ದರಲ್ಲಿ ಬರವಣಿಗೆಗೆ ಉಳಿಯುವುದು 0.3 ಮಾತ್ರ. ಇದು ಪುರಾವೆಗಿಂತ ಸುಳಿವು, ಆದರೆ ‘ಡಬಲ್ ಆಯ್ತು’ ಎಂಬುದಕ್ಕೆ ಬ್ರೇಕ್ ಹಾಕಲು ಸಾಕು.

ನಿರ್ಧಾರವಾಗದ ಫಲಿತಾಂಶ ಬಂದಾಗ ಯಾವ ಪೇಜ್ ಇಟ್ಟುಕೊಳ್ಳುವುದು?

ನಮ್ಮ ಉದಾಹರಣೆ ಇಂಥದ್ದೇ. ಅಂಕಿ ತೀರ್ಪು ಕೊಡದಿದ್ದಾಗ ಬೇರೆ ಕಾರಣಗಳಿಗೆ ಅವಕಾಶವಿದೆ. ಕರೆ ಸ್ವೀಕರಿಸುವವರು ಹೇಳುವುದನ್ನು ಕೇಳಿ: ಹೊಸ ಪೇಜ್ ನಂಬರಿಗೆ ಬರುವ ಕರೆಗಳಲ್ಲಿ ‘ಫೀಸ್ ಎಷ್ಟ್ರಿ?’ ಎಂಬ ಪ್ರಶ್ನೆಯೇ ಹೆಚ್ಚಿದ್ದರೆ ಪೇಜ್ ಅದನ್ನು ಹೇಳುತ್ತಿಲ್ಲ. ಪೋಷಕರ ಓದಿನಲ್ಲಿ ಯಾವುದು ಬೇಗ ಅರ್ಥವಾಯಿತೋ, ಫೋನಿನಲ್ಲಿ ಯಾವುದು ಬೇಗ ತೆರೆಯುತ್ತದೋ ಅದನ್ನು ಇಡಿ. ವರದಿಯಲ್ಲಿ ಮಾತ್ರ ‘ಕನ್ವರ್ಷನ್ ಏರಿತು’ ಎಂದು ಬರೆಯಬೇಡಿ. ‘31ಕ್ಕೆ 42, ವ್ಯತ್ಯಾಸ ಅದೃಷ್ಟದ ಮಿತಿಯೊಳಗಿದೆ, ಡೆಮೊಗೆ ಬಂದವರು 19 ಮತ್ತು 20’ ಎಂದೇ ಬರೆಯಿರಿ.

ಸ್ಪಷ್ಟವಾಗಿ ಗೆದ್ದರೆ? ಹಳೇದನ್ನು ತೆಗೆದುಹಾಕಬಹುದೇ?

ತಕ್ಷಣ ಬೇಡ. ಸಣ್ಣ ಪರೀಕ್ಷೆಯಲ್ಲಿ ಗೆರೆ ದಾಟಿದ ಏರಿಕೆ ಸಾಮಾನ್ಯವಾಗಿ ನಿಜಕ್ಕಿಂತ ದೊಡ್ಡದಾಗಿ ಕಂಡಿರುತ್ತದೆ, ಏಕೆಂದರೆ ಅದೃಷ್ಟವೂ ಕೈಹಿಡಿದಾಗಲೇ ಗೆರೆ ದಾಟುವುದು ಸುಲಭ. 70 ಪ್ರತಿಶತ ಏರಿಕೆ ಕಂಡಿತೆಂದು ಮುಂದಿನ ತಿಂಗಳ ಬ್ಯಾಚಿಗೆ ಅಷ್ಟೇ ಮಕ್ಕಳ ಲೆಕ್ಕ ಹಾಕಿ ಬೆಂಚು ತರಿಸಬೇಡಿ. ತುಣುಕಿನಲ್ಲಿ `0.5` ಇರುವಲ್ಲಿ `0.1` ಎಂದು ಬದಲಿಸಿದರೆ ಹೊಸದಾಗಿ ಬರುವವರಲ್ಲಿ ಹತ್ತಕ್ಕೊಬ್ಬರಿಗೆ ಹಳೇದು ಕಾಣುತ್ತಿರುತ್ತದೆ. ಹೀಗೆ ಪಾಲು ಬದಲಾದ ಮೇಲೆ ವರ್ಗಮೂಲದ ನಿಯಮ ನಡೆಯುವುದಿಲ್ಲ, ನೂರಕ್ಕೆ ಎಷ್ಟು ಎಂಬುದನ್ನಷ್ಟೇ ಹೋಲಿಸಬಹುದು. ಈ ಅವಧಿಯ ಲೆಕ್ಕವನ್ನು ಹಿಂದಿನ ಮೂರು ವಾರದ ಲೆಕ್ಕಕ್ಕೆ ಸೇರಿಸದೆ ಬೇರೆ ಹಾಳೆಯಲ್ಲಿ ಇಡಿ. ಅಡ್ಮಿಷನ್ ಮುಗಿಯುವವರೆಗೆ ಹೀಗೆ ಓಡಲಿ, ಫೀಸು ಕಟ್ಟಿದವರ ಹೆಸರಿನ ಮುಂದೆ `a` ಅಥವಾ `b` ತುಂಬಿದ ಮೇಲೆ ಹಳೇ ಪೇಜ್ ತೆಗೆಯಬಹುದು.